ಟಿಎಂಟಿ ರಿಪೋರ್ಟ್: ಟಾರ್ಗೆಟ್ ಮುಟ್ಟಿಲ್ಲ, ನಾಡಿ ಬೇಗ ಇಳಿದಿಲ್ಲ ಅಂತ ಕಾಣಿಸುತ್ತಿದೆ. ಹೇಗೆ ಓದಬೇಕು?

ಮುಂಗಾರು

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ 52 ವರ್ಷ. ಮೂರು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎದೆ ಬಿಗಿದ ಹಾಗಾಗುತ್ತದೆ, ನಿಂತರೆ ಸರಿಹೋಗುತ್ತದೆ ಅಂತಿದ್ದ. ಹಾಗಾಗಿ ಟಿಎಂಟಿ ಮಾಡಿಸಿದೆವು. ರಿಪೋರ್ಟ್ ನಿನ್ನೆ ಕೈಗೆ ಬಂತು. ಡಾಕ್ಟರ್ ಸಿಗುವುದು ಇನ್ನೂ ಐದು ದಿನ ಆದಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಿದ್ದಾರೆ. ಮೊದಲ ಪುಟದಲ್ಲಿ ಇರುವುದು ಇಷ್ಟು:

```
Protocol: BRUCE    Exercise time: 7:40
Pre-test HR: 72
Max HR: 138 (82% of predicted 168)
Target HR: 143   Not achieved
Recovery 1: 129
Recovery 2: 112
Recovery 3: 98
Reason for stopping: Fatigue
```

ಕೊನೆಯಲ್ಲಿ "ಮುಟ್ಟಿದ ಶ್ರಮದ ಮಟ್ಟದಲ್ಲಿ ನೆಗೆಟಿವ್, ನಾಡಿಯ ಏರಿಕೆ ಸಾಲದು" ಅನ್ನುವ ಅರ್ಥದಲ್ಲಿ ಒಂದು ಸಾಲು ಇದೆ. ನನ್ನ ಪ್ರಶ್ನೆ ಎರಡು. 138ಕ್ಕೂ 143ಕ್ಕೂ ಇರುವುದು ಐದೇ ಬಡಿತ. ಅಷ್ಟಕ್ಕೇ ಪರೀಕ್ಷೆ ಲೆಕ್ಕಕ್ಕಿಲ್ಲವಾ? ಇನ್ನೊಂದು, ಓಟ ನಿಲ್ಲಿಸಿ ಒಂದು ನಿಮಿಷಕ್ಕೆ ನಾಡಿ 12ಕ್ಕಿಂತ ಜಾಸ್ತಿ ಇಳಿಯಬೇಕು ಅಂತ ಓದಿದೆ. ಅಣ್ಣನದು 138ರಿಂದ 129ಕ್ಕೆ, ಅಂದರೆ 9 ಮಾತ್ರ ಇಳಿದಿದೆ. ಅದನ್ನು ನೋಡಿದಾಗಿನಿಂದ ಅತ್ತಿಗೆಗೆ ನಿದ್ದೆ ಇಲ್ಲ.

ಬೆಳ್ಳಕ್ಕಿ

ನೆಗೆಟಿವ್ ಅಂತ ಬರೆದಿದ್ದಾರಲ್ವಾ? ಹಾಗಾದರೆ ಬ್ಲಾಕ್ ಇಲ್ಲ ಅಂತಲೇ ಅರ್ಥ. ಟಾರ್ಗೆಟ್ ಅನ್ನುವುದು ಫಿಟ್‌ನೆಸ್ ಅಳೆಯುವುದಕ್ಕೆ ಅಷ್ಟೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಳೇ ಟೆಕ್ನಿಷಿಯನ್

ಬೆಳ್ಳಕ್ಕಿಯವರೇ, ಆ ಸಾಲನ್ನು ಪೂರ್ತಿ ಓದಿ. "ಮುಟ್ಟಿದ ಶ್ರಮದ ಮಟ್ಟದಲ್ಲಿ" ಅಂತ ಇದೆ. ಇಡೀ ರಿಪೋರ್ಟಿನ ಜೀವ ಆ ಮೂರು ಪದದಲ್ಲಿದೆ. ನಾನು ಹದಿನೆಂಟು ವರ್ಷ ಟಿಎಂಟಿ ರೂಮಿನಲ್ಲಿ ಕೆಲಸ ಮಾಡಿದವನು.

ಓಡಿಸುವುದು ಯಾಕೆ? ಕೂತಿದ್ದಾಗ ಹೃದಯಕ್ಕೆ ಬೇಕಾಗುವ ರಕ್ತ ಕಡಿಮೆ. ರಕ್ತನಾಳ ಸ್ವಲ್ಪ ಕಿರಿದಾಗಿದ್ದರೂ ಅಷ್ಟು ಹೇಗೋ ಸಿಗುತ್ತದೆ. ನಾಡಿ ಏರಿದಷ್ಟೂ ಬೇಡಿಕೆ ಏರುತ್ತದೆ. ಕಿರಿದಾದ ನಾಳಕ್ಕೆ ಪೂರೈಸಲು ಆಗದ ಮಟ್ಟ ಬಂದಾಗ ಇಸಿಜಿಯಲ್ಲಿ ಎಸ್‌ಟಿ ಭಾಗ ಕೆಳಗೆ ಇಳಿಯುತ್ತದೆ. ಆ ಮಟ್ಟ ಬರುವ ಮುಂಚೆಯೇ ಬೆಲ್ಟ್ ನಿಲ್ಲಿಸಿದರೆ ಇಸಿಜಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಟಾರ್ಗೆಟ್ ಮುಟ್ಟದ ನೆಗೆಟಿವ್ ರಿಪೋರ್ಟನ್ನು ಯಾವ ಡಾಕ್ಟರೂ ಪೂರ್ತಿ ನಂಬುವುದಿಲ್ಲ. ಎದೆ ಬಿಗಿತ ಇರುವವರಲ್ಲಂತೂ ನಂಬಲೇಬಾರದು.

ಮುಂಗಾರು ಅವರೇ, ಮೂರು ವಿಷಯ ಹೇಳಿ. ಅಣ್ಣ ಯಾವ ಮಾತ್ರೆ ತಗೋತಾರೆ? ನಡೆಯುವಾಗ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರಾ? ನಿಲ್ಲಿಸಿದ ಮೇಲೆ ಬೆಲ್ಟ್ ನಿಧಾನವಾಗಿ ನಡೆಯುತ್ತಿತ್ತಾ, ಇಲ್ಲ ತಕ್ಷಣ ಮಲಗಿಸಿದರಾ?

ಓಟದ ಹುಚ್ಚು

ನನಗೂ 55. ನನ್ನ ಮ್ಯಾಕ್ಸಿಮಮ್ 182 ಬರುತ್ತದೆ. 220ರಲ್ಲಿ 55 ಕಳೆದರೆ 165. ಹಾಗಾದರೆ ನಾನು ಶೇ. 110 ಮುಟ್ಟಿದ ಹಾಗಾಯಿತು, ಅಲ್ವಾ? ಈ ಸೂತ್ರವೇ ಸರಿಯಿಲ್ಲ. ನಿಮ್ಮಣ್ಣನ ನಿಜವಾದ ಮ್ಯಾಕ್ಸಿಮಮ್ 150 ಇದ್ದಿರಬಹುದು. ಆಗ 138 ಅನ್ನುವುದು ಶೇ. 92. ಟಾರ್ಗೆಟ್ ಮುಟ್ಟಿದ್ದಾರೆ ಅಂತಲೇ ನಾನು ಹೇಳುವುದು.

ಲೆಕ್ಕದ ಮೇಷ್ಟ್ರು

ಓಟದ ಹುಚ್ಚು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 220ರಲ್ಲಿ ವಯಸ್ಸು ಕಳೆಯುವ ಲೆಕ್ಕ 1971ರ ಒಂದು ಲೇಖನದಿಂದ ಹಬ್ಬಿದ್ದು. ಆ ಲೆಕ್ಕಕ್ಕೆಂದೇ ಮಾಡಿದ ಸಂಶೋಧನೆ ಅದಲ್ಲ, ಅಲ್ಲಿಲ್ಲಿ ಸಿಕ್ಕ ಅಂಕಿಗಳ ಮೇಲೆ ಎಳೆದ ಒಂದು ಅಂದಾಜು ಗೆರೆ. 2001ರಲ್ಲಿ ಬಂದ ಇನ್ನೊಂದು ಲೆಕ್ಕ ಇದೆ: 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು. 40 ವರ್ಷದವರಿಗೆ ಎರಡರಲ್ಲೂ 180 ಬರುತ್ತದೆ. 70ರವರಿಗೆ ಹಳೆಯದು 150, ಹೊಸದು 159. 52ಕ್ಕೆ 168 ಮತ್ತು 172, ಅಂಥಾ ವ್ಯತ್ಯಾಸ ಇಲ್ಲ.

ಯಾವ ಲೆಕ್ಕ ಹಿಡಿದರೂ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಆದರೆ ಆ ಆಚೀಚೆ ಎರಡೂ ಕಡೆ ಹೋಗುತ್ತದೆ. ಅಣ್ಣನವರ ಮ್ಯಾಕ್ಸಿಮಮ್ 150 ಇರಬಹುದು ಅನ್ನುವುದಾದರೆ 185 ಕೂಡ ಇರಬಹುದು. ಆಗ 138 ಶೇ. 75 ಆಗುತ್ತದೆ. ನಮಗೆ ಬೇಕಾದ ಕಡೆ ಮಾತ್ರ ಜಾರಿಸಿಕೊಳ್ಳುವುದು ಸರಿಯಲ್ಲ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. 168 ಅನ್ನುವುದು ವಯಸ್ಸಿಗೆ ಅಂದಾಜಿನ ಗರಿಷ್ಠ. ಅದರ ಶೇ. 85 ಅಂದರೆ 143, ಅದೇ ಟಾರ್ಗೆಟ್. 138ನ್ನು 168ರ ಜೊತೆ ಹೋಲಿಸಿದರೆ ಶೇ. 82. ಅದೇ 138ನ್ನು 143ರ ಜೊತೆ ಹೋಲಿಸಿದರೆ ಶೇ. 97. ಕೆಲವು ಮೆಷಿನ್ ಮೊದಲನೆಯದನ್ನು ಪ್ರಿಂಟ್ ಮಾಡುತ್ತವೆ, ಕೆಲವು ಎರಡನೆಯದನ್ನು. ಇಬ್ಬರ ರಿಪೋರ್ಟ್ ಪಕ್ಕಪಕ್ಕ ಇಟ್ಟು "ನಂದು 97, ನಿಂದು 82" ಅನ್ನುವ ಮುಂಚೆ ಯಾವುದರ ಶೇಕಡಾ ಅಂತ ನೋಡಬೇಕು.

ಸಂಪಿಗೆ

ಅಯ್ಯೋ, ಇದು ನನಗೆ ಈಗ ಅರ್ಥ ಆಯ್ತು ಮೇಷ್ಟ್ರೇ. ನಮ್ಮವರ ರಿಪೋರ್ಟಿನಲ್ಲಿ ಶೇ. 104 ಅಂತ ಇತ್ತು. ನೂರು ದಾಟಿದೆ, ಹೃದಯಕ್ಕೆ ಜಾಸ್ತಿ ಭಾರ ಕೊಟ್ಟುಬಿಟ್ಟರು ಅಂತ ನಾವು ಹೆದರಿದ್ದೆವು. ಟಾರ್ಗೆಟ್ಟಿನ ಶೇ. 104 ಅಂತ ಅದು.

ನನ್ನದು ಉಲ್ಟಾ ಕಥೆ. ಮೊದಲ ಮೂರು ನಿಮಿಷದಲ್ಲೇ ನಾಡಿ 150 ದಾಟಿತು. ಐದನೇ ನಿಮಿಷಕ್ಕೆ ಟಾರ್ಗೆಟ್ ಮುಗಿದು, ಏದುಸಿರು ಬಂದು ನಿಲ್ಲಿಸಿದರು. ಟಾರ್ಗೆಟ್ ಮುಟ್ಟಿದೆ, ಎಲ್ಲ ಸರಿ ಅಂತ ನಾನಂದುಕೊಂಡೆ. ಡಾಕ್ಟರ್ ಒಪ್ಪಲಿಲ್ಲ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ನಾಡಿ ಯಾಕೆ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8 ಇತ್ತು! ರಕ್ತಹೀನತೆ ಸರಿಯಾದ ಮೇಲೆ ಅದೇ ಮೂರು ನಿಮಿಷಕ್ಕೆ 118.

ಹಳೇ ಟೆಕ್ನಿಷಿಯನ್

ಸಂಪಿಗೆ ಅಮ್ಮ, ಬಹಳ ಒಳ್ಳೇ ಉದಾಹರಣೆ. ಎಷ್ಟು ಮುಟ್ಟಿತು ಅನ್ನುವುದರ ಜೊತೆ ಎಷ್ಟು ಬೇಗ ಮುಟ್ಟಿತು ಅಂತಲೂ ನೋಡಬೇಕು. ಬ್ರೂಸ್ ಪ್ರೋಟೋಕಾಲಿನಲ್ಲಿ ಮೂರು ಮೂರು ನಿಮಿಷಕ್ಕೆ ಬೆಲ್ಟಿನ ವೇಗವೂ ಏರುತ್ತದೆ, ಇಳಿಜಾರೂ ಏರುತ್ತದೆ. ಮೊದಲ ಹಂತ ಗಂಟೆಗೆ 2.7 ಕಿ.ಮೀ., ಎರಡನೆಯದು 4, ಮೂರನೆಯದು 5.5. ವೇಗ ಕೇಳಿದರೆ ಕಡಿಮೆ ಅನಿಸುತ್ತದೆ. ಆದರೆ ಬೆಲ್ಟ್ ಶೇ. 10, 12, 14 ಏರಿನಲ್ಲಿ ನಿಂತಿರುತ್ತದೆ, ಗುಡ್ಡ ಹತ್ತಿದ ಹಾಗೆ. ಮುಂಗಾರು ಅವರ ಅಣ್ಣ 7 ನಿಮಿಷ 40 ಸೆಕೆಂಡು ಅಂದರೆ ಮೂರನೇ ಹಂತದ ಅರ್ಧ ದಾಟಿದ್ದಾರೆ. 52ಕ್ಕೆ ಅದು ಕೆಟ್ಟದ್ದೇನಲ್ಲ. ಅಷ್ಟು ದೂರ ಹೋದವರ ನಾಡಿ 138ರಲ್ಲೇ ನಿಂತಿದೆ ಅಂದರೆ, ಯಾವುದೋ ಅದನ್ನು ಹಿಡಿದು ನಿಲ್ಲಿಸಿದೆ.

ರವಿಕಿರಣ

ನಾನೂ ಟ್ರೆಡ್‌ಮಿಲ್ ತಗೊಳ್ಳೋಣ ಅಂತಿದ್ದೇನೆ. ಮನೆಯಲ್ಲೇ ಈ ಬ್ರೂಸ್ ಲೆಕ್ಕ ಹಾಕಿಕೊಂಡು ನಾಡಿ ನೋಡಿಕೊಳ್ಳಬಹುದಾ? ಎಷ್ಟು ಹಾರ್ಸ್‌ಪವರ್ ಮೋಟರ್ ಬೇಕು?

ಹಳೇ ಟೆಕ್ನಿಷಿಯನ್

ಬೇಡ ರವಿ. ಅಲ್ಲಿ ಇಸಿಜಿ ಓಡುತ್ತಿರುತ್ತದೆ, ಪಕ್ಕದಲ್ಲಿ ಡಾಕ್ಟರ್ ಇರುತ್ತಾರೆ, ಶಾಕ್ ಕೊಡುವ ಮೆಷಿನ್ ಇರುತ್ತದೆ. ಕಾರಣ ಇಲ್ಲದೆ ಇಟ್ಟಿರುವುದಿಲ್ಲ. ಮೋಟರ್ ವಿಷಯಕ್ಕೆ ಬೇರೆ ಚರ್ಚೆ ತೆಗೆಯಿರಿ.

ಮುಂಗಾರು

ಸರ್, ಅಣ್ಣನನ್ನು ಕೇಳಿದೆ. ಬಿಪಿಗೆ ಎರಡು ವರ್ಷದಿಂದ ಮೆಟೊಪ್ರೊಲಾಲ್ 50 ತಗೋತಾನೆ. ಪರೀಕ್ಷೆಯ ದಿನ ಬೆಳಿಗ್ಗೆಯೂ ತಗೊಂಡಿದ್ದ. ಬೇಡ ಅಂತ ಯಾರೂ ಹೇಳಿರಲಿಲ್ಲವಂತೆ. ಕಂಬಿ ಹಿಡಿದಿದ್ದು ನಿಜ, ಮೂರನೇ ಹಂತದಲ್ಲಿ ಬಿದ್ದುಬಿಡುತ್ತೇನೆ ಅನಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಿಲ್ಲಿಸಿದ ಮೇಲೆ ಬೆಲ್ಟ್ ಎರಡು ನಿಮಿಷ ನಿಧಾನವಾಗಿ ನಡೆಯಿತು, ಆಮೇಲೆ ಕೂರಿಸಿದರು.

ಹಳೇ ಟೆಕ್ನಿಷಿಯನ್

ಮೆಟೊಪ್ರೊಲಾಲ್! ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಅದು ಬೀಟಾ ಬ್ಲಾಕರ್. ನಾಡಿ ಏರದ ಹಾಗೆ ತಡೆಯುವುದೇ ಅದರ ಕೆಲಸ. ಕಂಬಿಗೆ ಜೋತುಬಿದ್ದರೆ ಕಾಲಿನ ಕೆಲಸವೂ ಕಡಿಮೆಯಾಗುತ್ತದೆ, ನಾಡಿ ಇನ್ನಷ್ಟು ಕೆಳಗೇ ಉಳಿಯುತ್ತದೆ. ಜೊತೆಗೆ ಮೆಷಿನ್ ಬೆಲ್ಟಿನ ವೇಗ ನೋಡಿ ಶ್ರಮ ಲೆಕ್ಕ ಹಾಕುವುದರಿಂದ, ಮಾಡದ ಕೆಲಸವನ್ನೂ ಅವರ ಖಾತೆಗೆ ಸೇರಿಸುತ್ತದೆ.

ಬೆಳ್ಳಕ್ಕಿ

ಹಾಗಾದರೆ ಮಾತ್ರೆ ಎರಡು ದಿನ ಬಿಟ್ಟು ಮತ್ತೆ ಮಾಡಿಸಿದರೆ ಆಯ್ತು. ಅದಕ್ಕೆ ಡಾಕ್ಟರನ್ನು ಕಾಯುವುದು ಯಾಕೆ?

ವಾರ್ಡ್ ಡ್ಯೂಟಿ

ದಯವಿಟ್ಟು ಹಾಗೆ ಮಾಡಬೇಡಿ. ನಾನು ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಪರೀಕ್ಷೆಗೆ ಮುಂಚೆ ಈ ಮಾತ್ರೆಯನ್ನು ಸುಮಾರು 48 ಗಂಟೆ ನಿಲ್ಲಿಸುವ ಪದ್ಧತಿ ಇದೆ, ಅದು ನಿಜ. ಆದರೆ ನಿಲ್ಲಿಸಬೇಕಾ ಅನ್ನುವುದನ್ನು ಬರೆದುಕೊಟ್ಟ ಡಾಕ್ಟರೇ ಹೇಳಬೇಕು. ದಿನಾ ತಗೊಳ್ಳುವವರು ದಿಢೀರ್ ಅಂತ ಬಿಟ್ಟರೆ ನಾಡಿ, ಬಿಪಿ ಒಮ್ಮೆಲೇ ಏರಬಹುದು. ಎದೆ ಬಿಗಿತ ಇರುವವರಿಗೆ ಅದು ಅಪಾಯ. ಹಳೇ ಬ್ಲಾಕ್ ಗೊತ್ತಿದ್ದು, ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಬೇಕಾದಾಗ ಮಾತ್ರೆಯ ಮೇಲೆಯೇ ಓಡಿಸುತ್ತಾರೆ. ಅಣ್ಣನವರದು ಆ ಪ್ರಶ್ನೆ ಅಲ್ಲ, ಬ್ಲಾಕ್ ಇದೆಯಾ ಅನ್ನುವ ಪ್ರಶ್ನೆ.

"ನಾಡಿಯ ಏರಿಕೆ ಸಾಲದು" ಅನ್ನುವ ಸಾಲನ್ನು ತೂಗುವುದಕ್ಕೆ ಇನ್ನೊಂದು ಲೆಕ್ಕ ಇದೆ. ಬರೀ ಶೇ. 85 ನೋಡಿದರೆ, ಕೂತಲ್ಲೇ 95 ಇರುವವರಿಗೂ 60 ಇರುವವರಿಗೂ ಒಂದೇ ಗೆರೆ ಹಾಕಿದ ಹಾಗಾಗುತ್ತದೆ. ಅದಕ್ಕೇ ಏರಲು ಎಷ್ಟು ಜಾಗ ಇತ್ತು, ಅದರಲ್ಲಿ ಎಷ್ಟು ಏರಿದರು ಅಂತ ನೋಡುತ್ತೇವೆ. ಇಲ್ಲಿ ಜಾಗ 168ರಲ್ಲಿ 72 ಕಳೆದು 96. ಏರಿದ್ದು 138ರಲ್ಲಿ 72 ಕಳೆದು 66. ಅಂದರೆ ಶೇ. 69.

ಯಾವ ಮಾತ್ರೆಯೂ ಇಲ್ಲದವರಲ್ಲಿ ಇದು 80ಕ್ಕಿಂತ ಕಡಿಮೆ ಇದ್ದರೆ, ನಾಡಿ ಏರಬೇಕಾದಷ್ಟು ಏರಿಲ್ಲ ಅಂತ ಲೆಕ್ಕ. ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಆ ಗೆರೆ 62. ಹಾಗಾಗಿ ಮಾತ್ರೆಯ ಮೇಲಿರುವ ಅಣ್ಣನವರ 69 ಗೆರೆಯಿಂದ ಮೇಲೇ ಇದೆ. ರಿಪೋರ್ಟ್ ಬರೆದವರು ಮಾತ್ರೆಯ ವಿಷಯ ಸೇರಿಸಿಲ್ಲ ಅಂತ ಕಾಣುತ್ತದೆ. ಮೊದಲ ಪುಟದಲ್ಲಿ ಔಷಧಿಯ ಜಾಗ ಖಾಲಿ ಇದೆಯಾ ನೋಡಿ.

ಮುಂಗಾರು

ಖಾಲಿ ಇದೆ. ಆದರೆ ಏರಿಕೆಗೆ ಮಾತ್ರೆ ಕಾರಣ ಅಂದರೂ ಇಳಿಕೆಯ 9 ಇದೆಯಲ್ಲ? ಅದಕ್ಕೂ ಮಾತ್ರೆಯೇ ಕಾರಣವಾ?

ಓಟದ ಹುಚ್ಚು

9 ಬಹಳ ಕಡಿಮೆ. ನನ್ನದು ಒಂದು ನಿಮಿಷಕ್ಕೆ 40 ಇಳಿಯುತ್ತದೆ. ವಾಚಿನಲ್ಲಿ ದಿನಾ ನೋಡುತ್ತೇನೆ. ಅಣ್ಣನವರು ಓಡುವ ಅಭ್ಯಾಸ ಮಾಡಲಿ, ಮೂರು ತಿಂಗಳಲ್ಲಿ ತಾನೇ ಸರಿಹೋಗುತ್ತದೆ.

ವಾರ್ಡ್ ಡ್ಯೂಟಿ

ಎದೆ ಬಿಗಿತದ ಕಾರಣ ಗೊತ್ತಾಗುವ ಮುಂಚೆ ಅವರಿಗೆ ಓಡಿ ಅಂತ ಹೇಳಬೇಡಿ ಸರ್. ದಯವಿಟ್ಟು.

ಇಳಿಕೆಯ ವಿಷಯಕ್ಕೆ ಬರುತ್ತೇನೆ. ಓಡುವಾಗ ನಾಡಿ ಏರುವುದಕ್ಕೆ ಎರಡು ಕಾರಣ. ಬ್ರೇಕ್ ಬಿಡುವುದು ಒಂದು, ಆಕ್ಸಿಲರೇಟರ್ ಒತ್ತುವುದು ಇನ್ನೊಂದು. ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿ ಇಳಿಯುವುದು ಮುಖ್ಯವಾಗಿ ಬ್ರೇಕ್ ವಾಪಸ್ ಬೀಳುವುದರಿಂದ. ಆ ಬ್ರೇಕ್ ಹಾಕುವುದು ವೇಗಸ್ ನರ. ಬೀಟಾ ಬ್ಲಾಕರ್ ಹಿಡಿದುಕೊಳ್ಳುವುದು ಆಕ್ಸಿಲರೇಟರನ್ನು. ಹಾಗಾಗಿ ಮೊದಲ ನಿಮಿಷದ 9ಕ್ಕೆ ಮಾತ್ರೆಯನ್ನು ಮಾತ್ರ ದೂರುವುದು ಕಷ್ಟ. ನಾಡಿ ಮೇಲೆ ಹೋದದ್ದೇ ಕಡಿಮೆ, ಹಾಗಾಗಿ ಇಳಿಯುವುದೂ ಸ್ವಲ್ಪ ಕಡಿಮೆ ಅನ್ನಬಹುದು, ಅಷ್ಟೇ.

12ರ ಗೆರೆ ಬಂದದ್ದು 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. 2,428 ಜನರನ್ನು ಸುಮಾರು ಆರು ವರ್ಷ ಗಮನಿಸಿದ್ದರು. 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವು ಜಾಸ್ತಿ ಕಂಡಿತು. ಆದರೆ ಅಲ್ಲಿ ಎಲ್ಲರನ್ನೂ ನಿಲ್ಲಿಸಿದ ಮೇಲೆ ಎರಡು ನಿಮಿಷ ಗಂಟೆಗೆ 2.4 ಕಿ.ಮೀ. ವೇಗದಲ್ಲಿ ನಡೆಸಿದ್ದರು. ತಕ್ಷಣ ಮಲಗಿಸುವ ಕಡೆ ನಾಡಿ ಬೇಗ ಇಳಿಯುತ್ತದೆ, ಅಲ್ಲಿ ಗೆರೆ 18. ಅಣ್ಣನವರನ್ನು ನಡೆಸಿದ್ದಾರೆ, ಹಾಗಾಗಿ 12 ಅನ್ವಯಿಸುತ್ತದೆ. ನನ್ನ ಪ್ರಕಾರ 9 ಕಡಿಮೆಯೇ.

ಹಳೇ ಟೆಕ್ನಿಷಿಯನ್

ಡಾಕ್ಟರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಆ 9 ಅನ್ನುವುದನ್ನೇ ನಾನು ಇನ್ನೂ ಒಪ್ಪಿಲ್ಲ.

ಮುಂಗಾರು ಅವರೇ, ರಿಪೋರ್ಟಿನಲ್ಲಿ "ರಿಕವರಿ 1, 2, 3" ಅಂತ ಇದೆ. ಅದು ನಿಮಿಷ ಅಂತ ನೀವು ಅಂದುಕೊಂಡಿದ್ದೀರಿ. ಬಹಳ ಮೆಷಿನ್‌ಗಳಲ್ಲಿ ಅದು ಬರೀ ಸಾಲಿನ ಸಂಖ್ಯೆ. ಯಾವ ಹೊತ್ತಿಗೆ ದಾಖಲಾಗಬೇಕು ಅಂತ ಮೊದಲೇ ಕೂರಿಸಿರುತ್ತಾರೆ, ಇಲ್ಲ ಟೆಕ್ನಿಷಿಯನ್ ಬಟನ್ ಒತ್ತಿದಾಗ ದಾಖಲಾಗುತ್ತದೆ. ಎರಡನೇ ಪುಟದಲ್ಲಿ ದೊಡ್ಡ ಪಟ್ಟಿ ಇರುತ್ತದೆ. ಅದರಲ್ಲಿ ಸಮಯದ ಕಾಲಂ ನೋಡಿ, ರಿಕವರಿ 1ರ ಮುಂದೆ ಏನಿದೆ ಹೇಳಿ.

ಮುಂಗಾರು

ಸರ್!! ರಿಕವರಿ 1ರ ಮುಂದೆ 0:30 ಅಂತ ಇದೆ. ರಿಕವರಿ 2ಕ್ಕೆ 2:00, ರಿಕವರಿ 3ಕ್ಕೆ 4:00. ಹಾಗಾದರೆ 129 ಅರ್ಧ ನಿಮಿಷದ್ದಾ?

ಹಳೇ ಟೆಕ್ನಿಷಿಯನ್

ಹೌದು. ಒಂದು ನಿಮಿಷದ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹಿಂದಿನ ಪುಟಗಳಲ್ಲಿ ಇಸಿಜಿ ಪಟ್ಟಿಗಳು ಇರುತ್ತವೆ, ಪ್ರತಿಯೊಂದರ ಮೇಲೂ ಸಮಯ ಇರುತ್ತದೆ. ರಿಕವರಿ 1:00ರದ್ದು ಸಿಕ್ಕರೆ ಎಣಿಸಬಹುದು. ಪೇಪರ್ ವೇಗ ಸೆಕೆಂಡಿಗೆ 25 ಮಿ.ಮೀ. ಅಂತ ಅಂಚಿನಲ್ಲಿ ಇದೆಯಾ ಖಾತ್ರಿ ಮಾಡಿಕೊಳ್ಳಿ. ಒಂದು ಚೂಪು ತುದಿಯಿಂದ ಶುರು ಮಾಡಿ ಆರನೇ ತುದಿವರೆಗೆ ಸಣ್ಣ ಚೌಕ ಎಣಿಸಿ. ಅಲ್ಲಿಗೆ ಐದು ಅಂತರ. ಐದರಿಂದ ಭಾಗಿಸಿ, ಬಂದ ಸಂಖ್ಯೆಯಿಂದ 1500ನ್ನು ಭಾಗಿಸಿ. ಒಂದೇ ಅಂತರ ಎಣಿಸಬೇಡಿ, ಉಸಿರಾಟದ ಜೊತೆ ಅದು ಹಿಗ್ಗಿ ಕುಗ್ಗುತ್ತದೆ. ಗರಿಷ್ಠ 138 ಅಂತ ಬಂದ ಪಟ್ಟಿಯನ್ನೂ ಹೀಗೇ ಎಣಿಸಿ. ಓಡುವಾಗ ವೈರ್ ಅಲ್ಲಾಡಿದರೆ ಮೆಷಿನ್ ತಪ್ಪು ಎಣಿಸುವುದುಂಟು. ಟಿ ಅಲೆ ಎತ್ತರ ಇದ್ದರೆ ಅದನ್ನೂ ಬಡಿತ ಅಂತ ಎಣಿಸಿ ಸಂಖ್ಯೆ ಏರಿಸಿಬಿಡುತ್ತದೆ.

ಸಂಪಿಗೆ

ರಿಪೋರ್ಟಿನ ಹಿಂದಿನ ಪುಟ ನಾವು ಒಬ್ಬರೂ ತೆರೆದೇ ನೋಡಿರಲಿಲ್ಲ.

ಮುಂಗಾರು

ಎಣಿಸಿದೆ. ನಾನು ಒಮ್ಮೆ, ಮಗಳು ಒಮ್ಮೆ. ಗರಿಷ್ಠದ ಪಟ್ಟಿಯಲ್ಲಿ ಐದು ಅಂತರಕ್ಕೆ 54 ಚೌಕ. ಒಂದಕ್ಕೆ 10.8. ಅಲ್ಲಿಗೆ 139. ಮೆಷಿನ್ 138 ಅಂದಿದ್ದು ಸರಿ ಇದೆ. ಒಂದು ನಿಮಿಷದ ಪಟ್ಟಿಯಲ್ಲಿ 62 ಚೌಕ, ಒಂದಕ್ಕೆ 12.4. ಲೆಕ್ಕ ಹಾಕಿದರೆ 121.

138ರಲ್ಲಿ 121 ಹೋದರೆ 17! ಅತ್ತಿಗೆಗೆ ಈಗಲೇ ಫೋನ್ ಮಾಡುತ್ತೇನೆ.

ಲೆಕ್ಕದ ಮೇಷ್ಟ್ರು

ಲೆಕ್ಕ ಸರಿ ಇದೆ. ಅರ್ಧ ನಿಮಿಷಕ್ಕೆ 129, ಒಂದಕ್ಕೆ 121, ಎರಡಕ್ಕೆ 112. ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಒಂದು ಚೌಕ ತಪ್ಪಿ ಎಣಿಸಿದ್ದರೂ ಎರಡು ಬಡಿತದ ವ್ಯತ್ಯಾಸ, 12ರ ಹತ್ತಿರ ಬರುವುದಿಲ್ಲ.

ವಾರ್ಡ್ ಡ್ಯೂಟಿ

ನಾನು ಸಮಯ ಕೇಳದೆ ಮಾತಾಡಿದ್ದು ತಪ್ಪಾಯಿತು. ಸರ್ ಹೇಳಿದ್ದು ಸರಿ. 17 ಅಂದರೆ ನಾರ್ಮಲ್ ಕಡೆಗೇ ಇದೆ.

ಓಟದ ಹುಚ್ಚು

ನೋಡಿ, ರಿಕವರಿ ಚೆನ್ನಾಗಿದೆ. ಏರಿಕೆ ಕಡಿಮೆಯಾಗಿದ್ದು ಮಾತ್ರೆಯಿಂದ. ಅಲ್ಲಿಗೆ ಹೃದಯ ಚೆನ್ನಾಗಿದೆ ಅಂತಾಯಿತು. ಮತ್ತೆ ಪರೀಕ್ಷೆ ಯಾಕೆ?

ಹಳೇ ಟೆಕ್ನಿಷಿಯನ್

ಇಲ್ಲ ಸರ್. ರಿಕವರಿಯ ನಾಡಿ ಹೇಳುವುದು ನರಗಳ ಹಿಡಿತದ ಬಗ್ಗೆ, ಒಟ್ಟಾರೆ ಮುಂದಿನ ಅಪಾಯದ ಬಗ್ಗೆ. ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ಅದು ಹೇಳುವುದಿಲ್ಲ. ಚೆನ್ನಾಗಿ ಇಳಿದವರಲ್ಲೂ ಬ್ಲಾಕ್ ನೋಡಿದ್ದೇನೆ, ಇಳಿಯದವರಲ್ಲಿ ಏನೂ ಇಲ್ಲದ್ದನ್ನೂ ನೋಡಿದ್ದೇನೆ. ಬ್ಲಾಕ್ ಪ್ರಶ್ನೆಗೆ ಎಸ್‌ಟಿ ನೋಡಬೇಕು, ಅದೂ ಸಾಕಷ್ಟು ನಾಡಿ ಏರಿದಾಗ. ಆ ಪ್ರಶ್ನೆ ಹಾಗೇ ಬಾಕಿ ಇದೆ. ಎದೆ ಬಿಗಿತವೂ ಹಾಗೇ ಇದೆ.

ಓಟದ ಹುಚ್ಚು

ಬರೀ 5 ಬಡಿತ ಕಡಿಮೆಯಾಗಿದ್ದಕ್ಕೆ ಇಷ್ಟೊಂದಾ? 138ರಲ್ಲಿ ಕಾಣದ್ದು 143ರಲ್ಲಿ ಕಾಣುತ್ತದೆ ಅಂತ ನನಗೆ ಅನಿಸುವುದಿಲ್ಲ.

ಹಳೇ ಟೆಕ್ನಿಷಿಯನ್

143 ಅನ್ನುವುದು ಕೊನೆಯ ಗೆರೆ ಅಲ್ಲ ಸರ್, ಕನಿಷ್ಠ ಗೆರೆ. ಅದನ್ನು ಮುಟ್ಟಿದ ತಕ್ಷಣ ಬೆಲ್ಟ್ ನಿಲ್ಲಿಸುವುದೂ ಸರಿಯಲ್ಲ. ನಡೆಯುವವರಿಗೆ ಆಗುತ್ತದೆ, ತೊಂದರೆ ಏನೂ ಕಾಣುತ್ತಿಲ್ಲ ಅಂದರೆ ಮುಂದುವರಿಸಬೇಕು. ಟಾರ್ಗೆಟ್ ಮುಟ್ಟಿದ ಕೂಡಲೇ ನಿಲ್ಲಿಸುವವರನ್ನು ನೋಡಿ ನನಗೆ ಬಹಳ ಬೇಜಾರಾಗುತ್ತಿತ್ತು.

ರವಿಕಿರಣ

ವಾಚಿನಲ್ಲಿ 40 ಇಳಿಯುತ್ತದೆ ಅಂದಿರಲ್ಲ, ಯಾವ ವಾಚ್? ನನ್ನದು ನಡೆಯುವಾಗ ಒಮ್ಮೊಮ್ಮೆ 160 ತೋರಿಸುತ್ತದೆ, ಉಸಿರು ಮಾತ್ರ ಆರಾಮಾಗಿರುತ್ತದೆ.

ಲೆಕ್ಕದ ಮೇಷ್ಟ್ರು

ರವಿ, ಅದು ನಿಮ್ಮ ಹೆಜ್ಜೆ ಎಣಿಸುತ್ತಿರಬಹುದು. ಮಣಿಕಟ್ಟಿನ ವಾಚ್ ಬೆಳಕಿನಿಂದ ಅಳೆಯುತ್ತದೆ. ಕೈ ಬೀಸುವ ಲಯಕ್ಕೆ ಅದು ಸಿಕ್ಕಿಬೀಳುವುದುಂಟು. ಪಟ್ಟಿ ಸ್ವಲ್ಪ ಬಿಗಿ ಮಾಡಿ ನೋಡಿ, ಅನುಮಾನ ಇದ್ದರೆ ನಿಂತು ಕುತ್ತಿಗೆಯಲ್ಲಿ ಎಣಿಸಿ.

ಮುಂಗಾರು (ಒಂದು ವಾರದ ನಂತರ)

ಡಾಕ್ಟರ್ ಸಿಕ್ಕಿದರು. ಮಾತ್ರೆಯ ವಿಷಯ, 0:30ರ ವಿಷಯ ಎರಡನ್ನೂ ಹೇಳಿದೆ. ಪಟ್ಟಿ ತೆಗೆದು ಅವರೂ ನೋಡಿದರು. ರಿಕವರಿಯ ಚಿಂತೆ ಬಿಡಿ, ಆದರೆ ಈ ಪರೀಕ್ಷೆಯಿಂದ ಬ್ಲಾಕ್ ಇಲ್ಲ ಅಂತ ನಾನು ಹೇಳಲಾರೆ ಅಂದರು. ಮೆಟೊಪ್ರೊಲಾಲನ್ನು ಎರಡು ವಾರದಲ್ಲಿ ಹಂತಹಂತವಾಗಿ ಕಡಿಮೆ ಮಾಡಿ, ಬಿಪಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಭಾರದ ಕೆಲಸ ಬೇಡ, ಕೂತಿದ್ದಾಗ ಎದೆ ಬಿಗಿದರೆ ತಕ್ಷಣ ಬನ್ನಿ ಅಂದಿದ್ದಾರೆ. ಆಮೇಲೆ ಮತ್ತೆ ಟಿಎಂಟಿ.

ಸಂಪಿಗೆ

ಈ ಸಲ ಕಂಬಿ ಮೇಲೆ ಬೆರಳು ಮಾತ್ರ ಇಟ್ಟುಕೊಳ್ಳಲು ಹೇಳಿ. ಶುರುವಾಗುವ ಮುಂಚೆ ಒಂದೆರಡು ನಿಮಿಷ ಬೆಲ್ಟ್ ಮೇಲೆ ನಡೆದು ಅಭ್ಯಾಸ ಮಾಡಿಕೊಳ್ಳುತ್ತೇನೆ ಅಂತ ಕೇಳಿದರೆ ಬಿಡುತ್ತಾರೆ. ನನಗೆ ಬಿಟ್ಟಿದ್ದರು.

ಮುಂಗಾರು (ಮೂರು ವಾರದ ನಂತರ)

ನಿನ್ನೆ ಎರಡನೇ ಟಿಎಂಟಿ ಆಯಿತು. ಕೂತಾಗ 84, ಗರಿಷ್ಠ 157. ಅಂದರೆ 168ರ ಶೇ. 93. ಒಂದು ನಿಮಿಷಕ್ಕೆ 136, ಸಮಯದ ಕಾಲಂ ನೋಡಿಯೇ ಬರೆಯುತ್ತಿದ್ದೇನೆ. 21 ಇಳಿದಿದೆ.

ಆದರೆ ನಾಡಿ 146 ದಾಟಿದ ಮೇಲೆ ಎಸ್‌ಟಿ ಕೆಳಗೆ ಇಳಿಯಲು ಶುರುವಾಯಿತು. ಗರಿಷ್ಠದಲ್ಲಿ ಒಂದೂವರೆ ಮಿ.ಮೀ., ಅಡ್ಡಕ್ಕೆ ಮಟ್ಟವಾಗಿ. ಅದೇ ಹೊತ್ತಿಗೆ ಎದೆಯೂ ಬಿಗಿಯಿತು, ನಿಲ್ಲಿಸಿದರು. ರಿಕವರಿಯ ನಾಲ್ಕನೇ ನಿಮಿಷದವರೆಗೂ ಎಸ್‌ಟಿ ಹಾಗೇ ಇತ್ತು. ಈ ಸಲ ರಿಪೋರ್ಟ್ ಪಾಸಿಟಿವ್.

ವಾರ್ಡ್ ಡ್ಯೂಟಿ

ಮೊದಲ ಸಲ 138ರಲ್ಲೇ ನಿಂತಿದ್ದರಿಂದ 146 ಬರಲೇ ಇಲ್ಲ. ಏರಿಕೆಯ ಲೆಕ್ಕ ಈ ಸಲ 84ರಲ್ಲಿ 73, ಶೇ. 87. ಅಂದರೆ ಹೃದಯಕ್ಕೆ ನಾಡಿ ಏರಿಸುವ ಶಕ್ತಿ ಚೆನ್ನಾಗಿಯೇ ಇದೆ, ಮಾತ್ರೆಯೇ ತಡೆದಿತ್ತು. ಮೇಡಂ, ಪಾಸಿಟಿವ್ ಅಂದ ಮಾತ್ರಕ್ಕೆ ಬ್ಲಾಕ್ ಖಚಿತ ಅಂತಲೂ ಅಲ್ಲ. ಆದರೆ ಬಿಗಿತವೂ ಎಸ್‌ಟಿಯೂ ಒಟ್ಟಿಗೆ ಬಂದಿರುವುದರಿಂದ ಮುಂದಿನ ಪರೀಕ್ಷೆ ಬೇಕೇ ಬೇಕು.

ಓಟದ ಹುಚ್ಚು

ಮುಂಗಾರು ಅವರೇ, ಮತ್ತೆ ಪರೀಕ್ಷೆ ಬೇಡ ಅಂದಿದ್ದಕ್ಕೆ ಕ್ಷಮಿಸಿ. 21 ಇಳಿದೂ ಹೀಗೆ ಬರಬಹುದು ಅಂತ ನನಗೆ ಗೊತ್ತಿರಲಿಲ್ಲ. ನಾನೂ ಐದು ವರ್ಷದಿಂದ ವಾಚಿನ 40 ನೋಡಿಕೊಂಡು ನೆಮ್ಮದಿಯಾಗಿದ್ದೆ. ನನ್ನಂಥವರೂ ಟಿಎಂಟಿ ಮಾಡಿಸಬೇಕಾ?

ಹಳೇ ಟೆಕ್ನಿಷಿಯನ್

ತೊಂದರೆ ಏನೂ ಇಲ್ಲದೆ ಓಡುವವರಿಗೆ ಬೇಕಾ ಬೇಡವಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಏನೂ ಇಲ್ಲದವರಿಗೂ ಸುಳ್ಳು ಪಾಸಿಟಿವ್ ಬರುತ್ತದೆ, ಆಮೇಲೆ ಅದರ ಹಿಂದೆ ಓಡಬೇಕಾಗುತ್ತದೆ. ನಿಮ್ಮ ಬಿಪಿ, ಶುಗರ್, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತಾ, ಇದೆಲ್ಲ ಹೇಳಿ ಡಾಕ್ಟರನ್ನೇ ಕೇಳಿ.

ವಾರ್ಡ್ ಡ್ಯೂಟಿ

ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. 50 ದಾಟಿದವರು ಜೋರಾಗಿ ಓಡುತ್ತಾರೆ, ಜೊತೆಗೆ ಬಿಪಿ ಅಥವಾ ಶುಗರ್ ಇದೆ ಅಂದರೆ ಒಮ್ಮೆ ಮಾಡಿಸುವುದು ಒಳ್ಳೆಯದು ಅಂತ ನನಗನಿಸುತ್ತದೆ.

ಮುಂಗಾರು

ಸೋಮವಾರ ಸಿಟಿ ಆಂಜಿಯೋ ಇದೆ. ಅದಕ್ಕೆ ನಾಡಿ ನಿಧಾನ ಇರಬೇಕಂತೆ, ಅದೇ ಮೆಟೊಪ್ರೊಲಾಲನ್ನು ಪರೀಕ್ಷೆಗೆ ಮುಂಚೆ ಮತ್ತೆ ಕೊಡುತ್ತಾರಂತೆ. ಇದು ಸರಿಯಾ ಸರ್?

ಹಳೇ ಟೆಕ್ನಿಷಿಯನ್

ಸರಿ ಅಮ್ಮ. ಅಲ್ಲಿ ಹೃದಯದ ಫೋಟೋ ತೆಗೆಯುತ್ತಾರೆ. ನಾಡಿ 60ರ ಹತ್ತಿರ ಇದ್ದರೆ ಬಡಿತಗಳ ನಡುವೆ ಹೃದಯ ಹೆಚ್ಚು ಹೊತ್ತು ಅಲುಗಾಡದೆ ಇರುತ್ತದೆ, ಚಿತ್ರ ಸ್ಪಷ್ಟ ಬರುತ್ತದೆ. ಎರಡೂ ಟಿಎಂಟಿಯ ಎಲ್ಲ ಪುಟ ಜೊತೆಗೆ ತಗೊಂಡು ಹೋಗಿ, ಮೊದಲ ಪುಟ ಮಾತ್ರ ಅಲ್ಲ.